ಸಾರಾಂಶದಲ್ಲಿ ಒಂದು ಪದ, ಒಳಗೆ ಇನ್ನೊಂದು: ಸಂಶೋಧನಾ ಪ್ರಬಂಧ ಅನುವಾದಿಸುವವರ ತೊಡಕು

ಪ್ರಶ್ನೆ: ಗರ್ಭಿಣಿಯರ ರಕ್ತಹೀನತೆ ಕುರಿತ ಇಂಗ್ಲಿಷ್ ಸಂಶೋಧನಾ ಪ್ರಬಂಧವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಾರಾಂಶವನ್ನು ಮೊದಲೇ ಮಾಡಿ ಕೊಟ್ಟಿದ್ದೆ, ಒಳಗಿನ ಪಠ್ಯ ಮುಗಿಸಲು ಎರಡು ತಿಂಗಳು ಹಿಡಿಯಿತು. ‘ಪ್ರಿವಲೆನ್ಸ್’ಗೆ ಮೂರು ಪದ ಬಳಸಿದ್ದೀರಿ, ಬಿಎಂಐ ಅನ್ನು ನಾಲ್ಕು ರೀತಿ ಬರೆದಿದ್ದೀರಿ, ಉಲ್ಲೇಖದ ಸಂಖ್ಯೆಗಳು ಹಿಂದುಮುಂದಾಗಿವೆ ಎಂದು ಸಂಪಾದಕರು ವಾಪಸ್ ಕಳಿಸಿದ್ದಾರೆ. ಎಲ್ಲಿಂದ ಸರಿಪಡಿಸಲಿ?

ಉತ್ತರ: ‘ವಿಧಾನ’ ಎಂಬ ಭಾಗದಿಂದ ಶುರು ಮಾಡಿ. ಸಾರಾಂಶವನ್ನು ಸದ್ಯಕ್ಕೆ ಮುಚ್ಚಿಡಿ, ಅದರ ಕೆಲಸ ಕಟ್ಟಕಡೆಗೆ.

ಕಾರಣ ಹೇಳುತ್ತೇನೆ. ಸಾರಾಂಶ ಪುಟದಲ್ಲಿ ಮೊದಲಿಗೆ ಬಂದರೂ ಲೇಖಕರು ಸಾಮಾನ್ಯವಾಗಿ ಅದನ್ನು ಬರೆಯುವುದು ಎಲ್ಲ ಮುಗಿದ ಮೇಲೆ. ಇನ್ನೂರೈವತ್ತು ಮುನ್ನೂರು ಪದಗಳಲ್ಲಿ ಇಡೀ ಪ್ರಬಂಧವನ್ನು ಹಿಡಿಸಬೇಕಾದ್ದರಿಂದ ಅಲ್ಲಿ ಯಾವ ಪದಕ್ಕೂ ವಿವರಣೆ ಇರುವುದಿಲ್ಲ. ವಿಧಾನದ ಭಾಗದಲ್ಲಿ ಮಾತ್ರ ಲೇಖಕರು ಏನನ್ನು ಅಳೆದರು, ಹೇಗೆ ಅಳೆದರು, ಯಾವುದಕ್ಕೆ ಯಾವ ಹೆಸರು ಕೊಟ್ಟರು ಎಂಬುದು ಬಿಡಿಸಿ ಬರುತ್ತದೆ. ಆ ಭಾಗ ಓದುವ ಮೊದಲು ಸಾರಾಂಶಕ್ಕೆ ಕೈ ಹಾಕಿದರೆ ಪ್ರತಿ ಪದಕ್ಕೂ ನಿಘಂಟಿನ ಮೊದಲ ಅರ್ಥ ಬಂದು ಕೂರುತ್ತದೆ. ಎರಡು ತಿಂಗಳ ನಂತರ ಒಳಪಠ್ಯದಲ್ಲಿ ಅದೇ ಪದ ಎದುರಾದಾಗ ನಿಮಗೆ ವಿಷಯ ಹೆಚ್ಚು ತಿಳಿದಿರುತ್ತದೆ, ಇನ್ನೂ ಒಳ್ಳೆಯ ಪದ ಸಿಗುತ್ತದೆ, ಆದರೆ ಹಳೆಯದು ಸಾರಾಂಶದಲ್ಲಿ ಹಾಗೇ ಉಳಿದಿರುತ್ತದೆ. ನಿಮಗೆ ಆಗಿರುವುದು ಬಹುಶಃ ಇದೇ. ನನಗೂ ಆಗಿದೆ.

ವರ್ಷಗಳ ಹಿಂದೆ ರಕ್ತಹೀನತೆಯ ಮೇಲಿನ ಒಂದು ಪ್ರಬಂಧದ ಸಾರಾಂಶದಲ್ಲಿ ನಾನು ಪ್ರಿವಲೆನ್ಸ್‌ಗೆ ‘ಹರಡುವಿಕೆ’ ಎಂದು ಬರೆದೆ. ಕೇಳಲು ಚೆನ್ನಾಗಿತ್ತು. ಅದನ್ನು ಓದಿದ ಒಬ್ಬ ಆಶಾ ಕಾರ್ಯಕರ್ತೆ ಬಂದು, ‘ರಕ್ತಹೀನತೆ ಒಬ್ಬರಿಂದ ಒಬ್ಬರಿಗೆ ಹರಡ್ತದಾ ಸಾರ್?’ ಎಂದು ಕೇಳಿದರು. ಅವರ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ, ನನ್ನ ಪದದಲ್ಲಿತ್ತು. ಹರಡುವುದು ಎಂದರೆ ಕನ್ನಡದಲ್ಲಿ ದಾಟಿ ಹೋಗುವುದು: ಜ್ವರ ಹರಡುತ್ತದೆ, ಸುದ್ದಿ ಹರಡುತ್ತದೆ. ಪ್ರಿವಲೆನ್ಸ್ ಹೇಳುವುದು ಅದನ್ನಲ್ಲ. ಒಂದು ಗೊತ್ತಾದ ಹೊತ್ತಿನಲ್ಲಿ ಎಷ್ಟು ಜನರಲ್ಲಿ ಆ ಸ್ಥಿತಿ ಇದೆ ಎಂಬುದು ಪ್ರಿವಲೆನ್ಸ್. ಇಷ್ಟು ಕಾಲದೊಳಗೆ ಹೊಸದಾಗಿ ಎಷ್ಟು ಜನರಿಗೆ ಬಂತು ಎಂಬುದು ಇನ್ಸಿಡೆನ್ಸ್. ನಿಮ್ಮ ಪ್ರಬಂಧ ಅಡ್ಡಛೇದ ಅಧ್ಯಯನವಾಗಿದ್ದರೆ, ಅಂದರೆ ಎಲ್ಲರನ್ನೂ ಒಮ್ಮೆ ಮಾತ್ರ ನೋಡಿದ್ದರೆ, ಅದರಲ್ಲಿ ಇನ್ಸಿಡೆನ್ಸ್ ಸಿಗಲು ಸಾಧ್ಯವೇ ಇಲ್ಲ. ಈ ಮಾತು ಗೊತ್ತಾಗುವುದು ವಿಧಾನದ ಭಾಗದಲ್ಲಿ.

ಇನ್ನು ಪದ ಯಾವುದು? ‘ರಕ್ತಹೀನತೆಯ ಪ್ರಮಾಣ’ ಎಂದು ಬರೆಯುವವರು ಬಹಳ. ದಿನಪತ್ರಿಕೆಗೆ ಅದು ಸಾಕು, ಪ್ರಬಂಧಕ್ಕೆ ಸಾಲದು. ‘ಈ ತಾಲೂಕಿನಲ್ಲಿ ರಕ್ತಹೀನತೆಯ ಪ್ರಮಾಣ ಹೆಚ್ಚು’ ಎಂದರೆ ಹೆಚ್ಚು ಜನರಿಗೆ ಇದೆ ಎಂದೋ, ಇರುವವರಲ್ಲಿ ಅದು ಜೋರಾಗಿದೆ ಎಂದೋ? ಎರಡಕ್ಕೂ ದಾರಿ ಇದೆ. ಮೇಲಾಗಿ ಅದೇ ಪುಟದಲ್ಲಿ ‘ಹಿಮೋಗ್ಲೋಬಿನ್ ಪ್ರಮಾಣ’, ‘ಮಾತ್ರೆಯ ಪ್ರಮಾಣ’, ‘ಅಪಾಯದ ಪ್ರಮಾಣ’ ಕೂಡ ಬಂದಿರುತ್ತವೆ. ಒಂದೇ ಪದ ನಾಲ್ಕು ಬೇರೆ ಅಳತೆಗಳನ್ನು ಹೊತ್ತು ನಿಂತಿರುತ್ತದೆ. ಆದ್ದರಿಂದ ನಾನು ಪ್ರಿವಲೆನ್ಸ್‌ಗೆ ‘ವ್ಯಾಪಕತೆ’, ರಕ್ತದಲ್ಲಿನ ಅಂಶಕ್ಕೆ ‘ಮಟ್ಟ’, ಸೌಮ್ಯ–ಮಧ್ಯಮ–ತೀವ್ರ ಎಂಬ ವಿಭಾಗಕ್ಕೆ ‘ತೀವ್ರತೆ’, ಮಾತ್ರೆಗೆ ‘ಡೋಸ್’ ಎಂದು ಹಂಚಿಕೊಳ್ಳುತ್ತೇನೆ, ‘ಪ್ರಮಾಣ’ವನ್ನು ಅಂಥ ಪ್ರಬಂಧದಿಂದ ಪೂರ್ತಿ ಹೊರಗಿಡುತ್ತೇನೆ. ವ್ಯಾಪಕತೆಯೇ ಆಗಬೇಕೆಂದಿಲ್ಲ. ನಿಮ್ಮ ಸಂಪಾದಕರಿಗೆ ಬೇರೆ ಪದ ಇಷ್ಟವಿದ್ದರೆ ಅದನ್ನೇ ಇಟ್ಟುಕೊಳ್ಳಿ. ಒಂದು ಅಳತೆಗೆ ಒಂದು ಪದ, ಆ ಪದಕ್ಕೆ ಬೇರೆ ಅಳತೆ ಇರಕೂಡದು, ಅಷ್ಟೆ.

ಈ ಎರಡನೆಯ ಅರ್ಧವನ್ನು ಜನ ಮರೆಯುತ್ತಾರೆ. ಒಂದು ಇಂಗ್ಲಿಷ್ ಪದಕ್ಕೆ ಮೂರು ಕನ್ನಡ ಪದ ಬಂದರೆ ಸಂಪಾದಕರ ಕಣ್ಣಿಗೆ ಬೀಳುತ್ತದೆ. ಮೂರು ಇಂಗ್ಲಿಷ್ ಪದಕ್ಕೆ ಒಂದೇ ಕನ್ನಡ ಪದ ಬಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಓದಲೂ ನಯವಾಗಿರುತ್ತದೆ, ಅರ್ಥ ಮಾತ್ರ ಕೆಟ್ಟಿರುತ್ತದೆ. ರಕ್ತಹೀನತೆಯ ಪ್ರಬಂಧದಲ್ಲೇ ನೋಡಿ: ರಕ್ತಹೀನತೆ ಬೇರೆ, ಕಬ್ಬಿಣಾಂಶದ ಕೊರತೆ ಬೇರೆ, ಕಬ್ಬಿಣಾಂಶದ ಕೊರತೆಯಿಂದ ಬಂದ ರಕ್ತಹೀನತೆ ಇನ್ನೂ ಬೇರೆ. ಹಿಮೋಗ್ಲೋಬಿನ್ ಇನ್ನೂ ಸರಿಯಿದ್ದು ದೇಹದ ಕಬ್ಬಿಣದ ದಾಸ್ತಾನು ಮಾತ್ರ ಖಾಲಿಯಾಗಿರಬಹುದು. ಬಿ12 ಅಥವಾ ಫೋಲೇಟ್ ಕಡಿಮೆಯಾಗಿಯೂ ರಕ್ತಹೀನತೆ ಬರಬಹುದು. ಹಿಮೋಗ್ಲೋಬಿನ್ ಮಾತ್ರ ಅಳೆದ ಅಧ್ಯಯನದ ಸಾರಾಂಶದಲ್ಲಿ ‘ಕಬ್ಬಿಣಾಂಶದ ಕೊರತೆ’ ಎಂದು ನೀವು ಬರೆದರೆ, ಲೇಖಕರು ಮಾಡದ ಪರೀಕ್ಷೆಯನ್ನು ಅವರ ತಲೆಗೆ ಕಟ್ಟಿದಂತಾಗುತ್ತದೆ.

ಆದ್ದರಿಂದ ಪದಪಟ್ಟಿ ಬೇಕು. ಎಲ್ಲರೂ ಮಾಡುವ ಎರಡು ಕಾಲಮ್ಮಿನ ಪಟ್ಟಿ ಸಾಲದು. ನನ್ನದರಲ್ಲಿ ನಾಲ್ಕು ಕಾಲಮ್ಮು ಇರುತ್ತವೆ: ಮೂಲದ ಪದ, ಆರಿಸಿದ ಕನ್ನಡ ಪದ, ಈ ಪ್ರಬಂಧದಲ್ಲಿ ಅದಕ್ಕಿರುವ ಅರ್ಥ ಒಂದು ಸಾಲಿನಲ್ಲಿ, ಮತ್ತು ಬಳಸಬಾರದ ಪದಗಳು. ನಾಲ್ಕನೆಯದೇ ನಿಜವಾಗಿ ದುಡಿಯುವ ಕಾಲಮ್ಮು. ವ್ಯಾಪಕತೆಯ ಎದುರು ‘ಹರಡುವಿಕೆ, ಪ್ರಮಾಣ, ಪ್ರಸರಣ’ ಎಂದು ಬರೆದಿಟ್ಟರೆ ಕೊನೆಯಲ್ಲಿ ಹುಡುಕಬೇಕಾದದ್ದು ಏನೆಂದು ಗೊತ್ತಿರುತ್ತದೆ. ಸರಿಯಾದ ಪದವನ್ನು ಹುಡುಕಿದರೆ ಸರಿಯಿರುವ ಜಾಗಗಳೇ ಸಿಗುತ್ತವೆ. ತಪ್ಪು ಸಿಗುವುದು ತಪ್ಪು ಪದವನ್ನು ಹುಡುಕಿದಾಗ. ಪಟ್ಟಿ ಉದ್ದವಾಗಬೇಕಿಲ್ಲ. ಹತ್ತು ಪುಟದ ಪ್ರಬಂಧಕ್ಕೆ ನಲವತ್ತು ಪದ ದಾಟಿದರೆ ಸಾಮಾನ್ಯ ಪದಗಳನ್ನೂ ತುಂಬುತ್ತಿದ್ದೀರಿ ಎಂದರ್ಥ. ಪದ ಹುಡುಕಲು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ ಜಾಲತಾಣದಲ್ಲಿ ಹಲವು ನಿಘಂಟುಗಳು ಸಿಗುತ್ತವೆ. ಆದರೆ ನಿಘಂಟು ಹೇಳುವುದು ಒಂದು ಪದ ಏನೇನು ಆಗಬಹುದು ಎಂಬುದನ್ನು. ಈ ಪ್ರಬಂಧದಲ್ಲಿ ಏನು ಎಂಬುದು ಮೂರನೆಯ ಕಾಲಮ್ಮಿನ ಕೆಲಸ.

ಒಂದು ಪದವನ್ನು ಇಡಿಯಾಗಿ ನೋಡೋಣ. ಉದಾಹರಣೆಗಾಗಿ ನಾನೇ ಕಟ್ಟಿಕೊಂಡ ಪ್ರಬಂಧ ಇದು: ಒಂದು ತಾಲೂಕಿನ 412 ಗರ್ಭಿಣಿಯರ ಹಿಮೋಗ್ಲೋಬಿನ್ ನೋಡಿದ್ದಾರೆ, 214 ಮಂದಿಗೆ ರಕ್ತಹೀನತೆ ಇದೆ, ವ್ಯಾಪಕತೆ ಶೇ. 51.9. ಕಬ್ಬಿಣಾಂಶದ ಮಾತ್ರೆಯನ್ನು ಬಿಟ್ಟುಬಿಟ್ಟು ನುಂಗಿದವರಲ್ಲಿ ರಕ್ತಹೀನತೆಯ ಆಡ್ಸ್ ರೇಶಿಯೋ 1.8, ಅದರ ಶೇ. 95 ಕಾನ್ಫಿಡೆನ್ಸ್ ಇಂಟರ್ವಲ್ 1.2ರಿಂದ 2.7. ಸಾರಾಂಶದಲ್ಲಿ ಇದು ಒಂದೇ ವಾಕ್ಯ. ಅದನ್ನು ‘ಮಾತ್ರೆ ಸರಿಯಾಗಿ ನುಂಗದವರಿಗೆ ರಕ್ತಹೀನತೆಯ ಅಪಾಯ 1.8 ಪಟ್ಟು’ ಎಂದು ಅನುವಾದಿಸಲು ಕೈ ತಾನಾಗಿ ಹೋಗುತ್ತದೆ. ಅದು ತಪ್ಪು.

ಲೆಕ್ಕ ಹಾಕಿ ನೋಡಿ. ಮಾತ್ರೆ ಬಿಟ್ಟುಬಿಟ್ಟು ನುಂಗಿದ 100 ಜನರಲ್ಲಿ 60 ಮಂದಿಗೆ, ದಿನವೂ ನುಂಗಿದ 100 ಜನರಲ್ಲಿ 45 ಮಂದಿಗೆ ರಕ್ತಹೀನತೆ ಇದೆ ಎಂದುಕೊಳ್ಳೋಣ. ಆಡ್ಸ್ ಎಂದರೆ ಇರುವವರನ್ನು ಇಲ್ಲದವರಿಂದ ಭಾಗಿಸುವುದು: ಮೊದಲ ಗುಂಪಿನಲ್ಲಿ 60/40, ಅಂದರೆ 1.5. ಎರಡನೆಯದರಲ್ಲಿ 45/55, ಅಂದರೆ ಸುಮಾರು 0.82. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 1.8ರ ಹತ್ತಿರ ಬರುತ್ತದೆ. ಆದರೆ ಅಪಾಯವನ್ನು ಹೋಲಿಸುವುದಾದರೆ 60ನ್ನು 45ರಿಂದ ಭಾಗಿಸಬೇಕು, ಅದು 1.33. ಅಂಕಿ ಒಂದನ್ನೂ ಮುಟ್ಟದೆ ಬರೀ ಪದ ಬದಲಿಸಿದ್ದಕ್ಕೆ ಫಲಿತಾಂಶ ಇಷ್ಟು ಹಿಗ್ಗಿತು. ಅಪರೂಪದ ಕಾಯಿಲೆಗಳಲ್ಲಿ ಈ ಎರಡು ಅಂಕಿಗಳು ಹತ್ತಿರ ಇರುತ್ತವೆ. ರಕ್ತಹೀನತೆಯಂತೆ ಅರ್ಧ ಜನರಲ್ಲಿ ಕಾಣುವ ಸ್ಥಿತಿಯಲ್ಲಿ ದೂರ ಸರಿಯುತ್ತವೆ.

ಹಾಗಾದರೆ ಆಡ್ಸ್‌ಗೆ ಕನ್ನಡ ಏನು? ‘ಸಂಭಾವ್ಯತೆ’ ಎನ್ನುವಂತಿಲ್ಲ, ಅದು ಪ್ರಾಬಬಿಲಿಟಿಗೆ ಹೋಗಿದೆ. ‘ಸಾಧ್ಯತೆ’ ಮಾತಿನಲ್ಲಿ ಅದಕ್ಕೇ ಬಳಕೆಯಾಗುತ್ತದೆ. ನಾನು ‘ಆಡ್ಸ್ ಅನುಪಾತ’ ಎಂದೇ ಇಟ್ಟು, ವಿಧಾನದ ಭಾಗದಲ್ಲಿ ಒಮ್ಮೆ ‘ಇರುವವರ ಸಂಖ್ಯೆಗೂ ಇಲ್ಲದವರ ಸಂಖ್ಯೆಗೂ ಇರುವ ಅನುಪಾತ ಆಡ್ಸ್, ಎರಡು ಗುಂಪಿನ ಆಡ್ಸ್‌ಗಳನ್ನು ಹೋಲಿಸಿದಾಗ ಬರುವುದು ಆಡ್ಸ್ ಅನುಪಾತ’ ಎಂದು ಬರೆಯುತ್ತೇನೆ. ಕನ್ನಡ ಪದವೊಂದು ಈಗಾಗಲೇ ಬೇರೆ ಅರ್ಥಕ್ಕೆ ದುಡಿಯುತ್ತಿದ್ದರೆ ಎರವಲು ಪದವೇ ಹೆಚ್ಚು ಪ್ರಾಮಾಣಿಕ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಾನ್ಫಿಡೆನ್ಸ್ ಇಂಟರ್ವಲ್‌ಗೆ ‘ವಿಶ್ವಾಸಾಂತರ’ ಎಂಬುದು ಸರಿಹೋಗುತ್ತದೆ. ‘ವಿಶ್ವಾಸಾರ್ಹತೆ’ ಬೇಡ, ಅದು ರಿಲಯಬಿಲಿಟಿಗೆ ಬೇಕಾಗುತ್ತದೆ. ಹಾಗೆಯೇ ಅಡ್ಡಛೇದ ಅಧ್ಯಯನದಲ್ಲಿ ಲೇಖಕರು ಅಸೋಸಿಯೇಶನ್ ಎಂದಿದ್ದರೆ ‘ಸಂಬಂಧ’ ಎನ್ನಿ, ‘ಕಾರಣ’ ಎನ್ನಬೇಡಿ. ‘ಮಾತ್ರೆ ನುಂಗದಿರುವುದರಿಂದ’ ಎಂಬ ತೃತೀಯಾ ವಿಭಕ್ತಿಯೂ ಕಾರಣವನ್ನೇ ಹೇಳುತ್ತದೆ ಎಂಬುದನ್ನು ಗಮನಿಸಿ. ನಿಮ್ಮ ಪದಪಟ್ಟಿ ಸರಿಯಿದ್ದರೂ ಒಂದು ‘ಇಂದ’ ಸಾಕು, ಒಳಪಠ್ಯದ ಎಚ್ಚರವನ್ನು ಸಾರಾಂಶದಲ್ಲಿ ಅಳಿಸಿಹಾಕಲು.

ಈಗ ಸಂಕ್ಷೇಪಗಳು. ಮೊದಲ ನಿಯಮ ಎಲ್ಲ ಭಾಷೆಗೂ ಒಂದೇ: ಸಾರಾಂಶ ಮತ್ತು ಒಳಪಠ್ಯ ಎರಡು ಬೇರೆ ಬರಹಗಳೆಂದು ತಿಳಿಯಿರಿ. ಸಾರಾಂಶವನ್ನು ಮಾತ್ರ ಓದಿ ಬಿಡುವವರೇ ಹೆಚ್ಚು. ಅಲ್ಲಿ ಸಂಕ್ಷೇಪವನ್ನು ಬಿಡಿಸಿ ಹೇಳಿದ್ದರೂ ಒಳಗೆ ಮೊದಲ ಸಲ ಬಂದಾಗ ಮತ್ತೆ ಬಿಡಿಸಿ ಹೇಳಬೇಕು. ಕೋಷ್ಟಕಗಳಿಗೂ ಇದೇ ನಿಯಮ, ಪ್ರತಿ ಕೋಷ್ಟಕದ ಅಡಿಟಿಪ್ಪಣಿಯಲ್ಲಿ ಅದರೊಳಗಿನ ಸಂಕ್ಷೇಪಗಳ ಪೂರ್ಣರೂಪ ಇರಬೇಕು. ಸಾರಾಂಶದಲ್ಲಿ ಒಮ್ಮೆ ಮಾತ್ರ ಬರುವ ಹೆಸರಿಗೆ ಸಂಕ್ಷೇಪ ಬೇಡವೇ ಬೇಡ. ‘ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ’ ಎಂದು ಪೂರ್ತಿ ಬರೆದು ಮುಂದೆ ಹೋಗಿ.

ತೊಡಕಿರುವುದು ಕನ್ನಡದ ಬರವಣಿಗೆಯಲ್ಲಿ. ಇಂಗ್ಲಿಷ್ ಅಕ್ಷರಗಳ ಹೆಸರನ್ನು ಕನ್ನಡದಲ್ಲಿ ಬರೆಯಲು ನಮಗೆ ಒಪ್ಪಿತವಾದ ಒಂದೇ ರೂಢಿ ಇಲ್ಲ. ಎಚ್ ಎಂದೂ ಬರೆಯುತ್ತೇವೆ, ಹೆಚ್ ಎಂದೂ ಬರೆಯುತ್ತೇವೆ. ಒ, ಓ ಎರಡೂ ಉಂಟು. ಎಂ, ಎಮ್ ಎರಡೂ ಉಂಟು. ಇದರ ಮೇಲೆ ಚುಕ್ಕಿ ಇಡುವವರು, ಇಡದವರು, ನಡುವೆ ಜಾಗ ಬಿಡುವವರು. ಹೀಗಾಗಿ ಡಬ್ಲ್ಯುಎಚ್‌ಒ ಎಂಬುದು ಒಂದೇ ಕಡತದಲ್ಲಿ ಐದಾರು ವೇಷದಲ್ಲಿ ಬರುತ್ತದೆ, ನಿಮ್ಮ ಬಿಎಂಐ ನಾಲ್ಕರಲ್ಲಿ ಬಂದಂತೆ. ಪರಿಹಾರ ಇಷ್ಟೆ: ಪ್ರತಿ ಸಂಕ್ಷೇಪಕ್ಕೂ ಮುಂಚೆ, ಅಕ್ಷರಗಳಿಗೆ ರೂಪ ನಿಗದಿ ಮಾಡಿ. ಎಚ್, ಎಂ, ಒ, ಡಬ್ಲ್ಯು, ಚುಕ್ಕಿ ಇಲ್ಲ, ಜಾಗ ಇಲ್ಲ. ಇದನ್ನು ಪದಪಟ್ಟಿಯ ತಲೆಯಲ್ಲಿ ಬರೆದುಬಿಡಿ. ಆಮೇಲೆ ಬರುವ ಪಿಎಚ್‌ಸಿ, ಎಚ್‌ಬಿ ಎಲ್ಲವೂ ತಾವಾಗಿ ದಾರಿಗೆ ಬರುತ್ತವೆ.

ಕಣ್ಣಿಗೆ ಕಾಣದ ಇನ್ನೊಂದು ವ್ಯತ್ಯಾಸ ಇದೆ. ‘ಡಬ್ಲ್ಯುಎಚ್‌ಒ’ ಬರೆಯುವಾಗ ಚ್ ಮುಂದಿನ ಅಕ್ಷರಕ್ಕೆ ಅಂಟದಂತೆ ತಡೆಯಲು ಕಾಣದ ಒಂದು ಚಿಹ್ನೆಯನ್ನು ಕೀಲಿಮಣೆ ಸೇರಿಸಬಹುದು. ಯುನಿಕೋಡ್‌ನಲ್ಲಿ ಅದರ ಗುರುತು U+200C. ಒಂದು ಕಡೆ ಅದು ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ, ತೆರೆಯ ಮೇಲೆ ಎರಡೂ ಒಂದೇ ಥರ ಕಂಡರೂ ಹುಡುಕಾಟದಲ್ಲಿ ಒಂದು ತಪ್ಪಿಸಿಕೊಳ್ಳಬಹುದು. ‘ಹಿಮೋಗ್ಲೋಬಿನ್‌ನ’ ಎಂಬಲ್ಲಿ ಇದೇ ಚಿಹ್ನೆ ಇಲ್ಲದಿದ್ದರೆ ‘ಹಿಮೋಗ್ಲೋಬಿನ್ನ’ ಆಗುತ್ತದೆ. ನನ್ನ ಉಪಾಯ: ಸಂಕ್ಷೇಪಗಳನ್ನು ಪ್ರತಿ ಸಲ ಟೈಪು ಮಾಡದೆ ಪದಪಟ್ಟಿಯಿಂದ ನಕಲು ಮಾಡಿ ಅಂಟಿಸುವುದು. ಇನ್ನೊಂದು, ವಿಭಕ್ತಿಯನ್ನು ಸಂಕ್ಷೇಪಕ್ಕೆ ನೇರ ಅಂಟಿಸದಿರುವುದು. ‘ಬಿಎಂಐಯನ್ನು’, ‘ಬಿಎಂಐನ್ನು’, ‘ಬಿಎಂಐಅನ್ನು’ ಎಂಬ ಪರದಾಟಕ್ಕಿಂತ ‘ಬಿಎಂಐ ಅಳತೆಯನ್ನು’, ‘ಬಿಎಂಐ ಸೂಚಿಯಲ್ಲಿ’ ಎಂದು ನಡುವೆ ಒಂದು ಕನ್ನಡ ನಾಮಪದ ನಿಲ್ಲಿಸಿದರೆ ಪ್ರತ್ಯಯ ಅದಕ್ಕೆ ಹೋಗುತ್ತದೆ, ಸಂಕ್ಷೇಪ ಮೊದಲಿನಿಂದ ಕೊನೆಯವರೆಗೂ ಒಂದೇ ರೂಪದಲ್ಲಿ ಉಳಿಯುತ್ತದೆ.

ಕನ್ನಡ ಹೆಸರಿನ ಮೊದಲಕ್ಷರ ಹೆಕ್ಕಿ ಹೊಸ ಸಂಕ್ಷೇಪ ಕಟ್ಟುವ ಆಸೆ ಬರುತ್ತದೆ. ದಯವಿಟ್ಟು ಬೇಡ. ಪ್ರಸವಪೂರ್ವ ಆರೈಕೆಗೆ ‘ಪ್ರಪೂಆ’ ಎಂದರೆ ಓದುಗರು ಪ್ರತಿ ಸಲ ಹಿಂದಕ್ಕೆ ಹೋಗಿ ನೋಡಬೇಕಾಗುತ್ತದೆ. ಜನರ ಬಾಯಲ್ಲಿ ಇರುವುದನ್ನು ಬಳಸಿ, ಇಲ್ಲವೇ ಪೂರ್ತಿ ಬರೆಯಿರಿ. ಅಧ್ಯಯನ ಕರ್ನಾಟಕದ್ದೇ ಆಗಿ ಹಿಮೋಗ್ಲೋಬಿನ್ ಅಂಕಿಗಳನ್ನು ಗರ್ಭಿಣಿಯರ ಬಳಿ ಇರುವ ಕಾರ್ಡಿನಿಂದ ತೆಗೆದುಕೊಂಡಿದ್ದರೆ ಅದಕ್ಕೆ ನಮ್ಮಲ್ಲಿ ‘ತಾಯಿ ಕಾರ್ಡ್’ ಎಂಬ ಹೆಸರೇ ಇದೆ, ಇಂಗ್ಲಿಷ್ ಹೆಸರನ್ನು ಹೊಸದಾಗಿ ಅನುವಾದಿಸಬೇಕಿಲ್ಲ. ಯೋಜನೆಯ ಹೆಸರು ಮಾತ್ರ ಪದಪಟ್ಟಿಗೆ ಬಗ್ಗುವುದಿಲ್ಲ. ಪಠ್ಯದುದ್ದಕ್ಕೂ ನೀವು ‘ರಕ್ತಹೀನತೆ’ ಎಂದು ಬರೆದಿದ್ದರೂ 2018ರಲ್ಲಿ ಶುರುವಾದ ಕಾರ್ಯಕ್ರಮವನ್ನು ‘ಅನೀಮಿಯಾ ಮುಕ್ತ ಭಾರತ’ ಎಂದೇ ಬರೆಯಬೇಕು. ಅದು ಅಂಕಿತನಾಮ. ಪದಪಟ್ಟಿಯಲ್ಲಿ ಇದನ್ನು ವಿನಾಯಿತಿ ಎಂದು ಗುರುತು ಹಾಕಿಡಿ, ಇಲ್ಲವಾದರೆ ಕೊನೆಯಲ್ಲಿ ಹುಡುಕಿ ಬದಲಿಸುವಾಗ ಅದೂ ಬದಲಾಗಿಬಿಡುತ್ತದೆ.

ಮಾನಗಳ ಬಗ್ಗೆ ಒಂದೇ ಮಾತು, ಆದರೆ ಗಟ್ಟಿಯಾಗಿ. ಗರ್ಭಿಣಿಯರಿಗೆ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ‘ಮಿ.ಗ್ರಾಂ’, ‘ಮೈ.ಗ್ರಾಂ’ ಎಂದು ಬರೆದರೆ ಸಾವಿರ ಪಟ್ಟಿನ ವ್ಯತ್ಯಾಸ ಒಂದು ಸ್ವರಚಿಹ್ನೆಯ ಮೇಲೆ ನಿಲ್ಲುತ್ತದೆ, ಸಣ್ಣ ಅಕ್ಷರದ ಕೋಷ್ಟಕದಲ್ಲಿ ಅದು ಕಾಣುವುದೂ ಇಲ್ಲ. ಮೈಕ್ರೋಗ್ರಾಂ ಅನ್ನು ಎಂದೂ ಸಂಕ್ಷೇಪಿಸಬೇಡಿ.

ಉಲ್ಲೇಖಗಳಿಗೆ ಬರೋಣ. ಸಾರಾಂಶದಲ್ಲಿ ಸಾಮಾನ್ಯವಾಗಿ ಉಲ್ಲೇಖ ಇರುವುದಿಲ್ಲ, ನೀವೂ ಸೇರಿಸಬೇಡಿ. ಒಳಗೆ ಚೌಕ ಆವರಣದ ಸಂಖ್ಯೆಗಳಿವೆ ಎಂದಾದರೆ, ವೈದ್ಯಕೀಯ ಪತ್ರಿಕೆಗಳಲ್ಲಿ ರೂಢಿಯಲ್ಲಿರುವ ವ್ಯಾಂಕೂವರ್ ಪದ್ಧತಿ ಅದು. ಮೊದಲು ಕಾಣಿಸಿಕೊಂಡ ಮೂಲಕ್ಕೆ 1, ಎರಡನೆಯದಕ್ಕೆ 2 ಎಂದು ಪಠ್ಯದಲ್ಲಿ ಬಂದ ಕ್ರಮದಲ್ಲೇ ಸಂಖ್ಯೆ ಬೀಳುತ್ತದೆ. ಇಂಗ್ಲಿಷ್ ವಾಕ್ಯದಲ್ಲಿ ಮುಖ್ಯ ಮಾತು ಮೊದಲು ಬಂದು ‘ಆದರೂ’ ಎಂಬ ಉಪವಾಕ್ಯ ಕೊನೆಗೆ ಬರಬಹುದು. ಕನ್ನಡದಲ್ಲಿ ಅದು ಮುಂದಕ್ಕೆ ಬರುತ್ತದೆ, ಕ್ರಿಯಾಪದ ಕೊನೆಗೆ ಹೋಗುತ್ತದೆ. ನಿಮ್ಮ ಸಂಖ್ಯೆಗಳು ಹಿಂದುಮುಂದಾಗಿದ್ದು ಬಹುಶಃ ಹೀಗೆ:

‘ತೋಟದ ಕಾರ್ಮಿಕರ ಅಧ್ಯಯನಗಳಲ್ಲಿ ಇದಕ್ಕಿಂತ ಹೆಚ್ಚು ಕಂಡಿದ್ದರೂ [6], ಈ ತಾಲೂಕಿನ ವ್ಯಾಪಕತೆ ರಾಷ್ಟ್ರೀಯ ಅಂಕಿಗೆ ಹತ್ತಿರವೇ ಇದೆ [5].’

ವಾಕ್ಯ ಸರಿಯಾಗಿದೆ, 6 ಮಾತ್ರ 5ಕ್ಕಿಂತ ಮೊದಲು ಬಂತು. ಇಂಥಲ್ಲಿ ಆವರಣದೊಳಗಿನ ಸಂಖ್ಯೆಗಳನ್ನು ಅದಲುಬದಲು ಮಾಡಿ ಕ್ರಮ ಸರಿಪಡಿಸುವುದು ಅತಿ ದೊಡ್ಡ ತಪ್ಪು. ಆಗ ರಾಷ್ಟ್ರೀಯ ಅಂಕಿಯನ್ನು ಹುಡುಕಿ ಹೋದವರು ತೋಟದ ಕಾರ್ಮಿಕರ ಅಧ್ಯಯನಕ್ಕೆ ತಲುಪುತ್ತಾರೆ. ಸಂಖ್ಯೆ ಸೇರಿರುವುದು ಹೇಳಿಕೆಗೆ, ವಾಕ್ಯದಲ್ಲಿನ ಜಾಗಕ್ಕಲ್ಲ. ವಾಕ್ಯವನ್ನು ಎರಡಾಗಿ ಒಡೆಯಿರಿ:

‘ಈ ತಾಲೂಕಿನ ವ್ಯಾಪಕತೆ ರಾಷ್ಟ್ರೀಯ ಅಂಕಿಗೆ ಹತ್ತಿರವಿದೆ [5]. ತೋಟದ ಕಾರ್ಮಿಕರ ಅಧ್ಯಯನಗಳಲ್ಲಿ ಮಾತ್ರ ಇದಕ್ಕಿಂತ ಹೆಚ್ಚು ಕಂಡಿದೆ [6].’

ಕ್ರಮವೂ ಉಳಿಯಿತು, ಕನ್ನಡವೂ ಹಗುರಾಯಿತು. ಒಡೆಯಲು ಆಗದ ವಾಕ್ಯಗಳು ಎಲ್ಲೋ ಎರಡು ಮೂರು ಇರುತ್ತವೆ. ಅಲ್ಲಿ ಮೂಲದ ಸಂಖ್ಯೆಯನ್ನೇ ಇಟ್ಟು ಸಂಪಾದಕರಿಗೆ ತಿಳಿಸಿ. ಅನುವಾದದ ಪಕ್ಕದಲ್ಲಿ ಮೂಲವನ್ನು ಇಟ್ಟುಕೊಂಡು ಓದುವವರಿಗೆ ಎರಡರಲ್ಲೂ ಒಂದೇ ಸಂಖ್ಯೆ ಇರುವುದು, ಏರಿಕೆಯ ಕ್ರಮಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಪತ್ರಿಕೆ ಒಪ್ಪದಿದ್ದರೆ ಅನುವಾದ ಪೂರ್ತಿ ಮುಗಿದ ಮೇಲೆ, ಕೋಷ್ಟಕಗಳನ್ನೂ ಸೇರಿಸಿ, ಒಂದೇ ಸಲಕ್ಕೆ ಮರುಸಂಖ್ಯೆ ಹಾಕಬೇಕು. ಮಧ್ಯೆ ಮಧ್ಯೆ ಅಲ್ಲ.

ಕನ್ನಡದಲ್ಲಿ ಇನ್ನೊಂದು ಗುಂಡಿ ಇದೆ. ಉಲ್ಲೇಖವನ್ನು ಅಭ್ಯಾಸಬಲದಿಂದ ವಾಕ್ಯದ ಕೊನೆಗೆ ತಳ್ಳುತ್ತೇವೆ. ‘ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಮಾತ್ರೆ ಸಿಗುತ್ತಿದ್ದರೂ ನಮ್ಮ ಅಧ್ಯಯನದಲ್ಲಿ ಅರ್ಧದಷ್ಟು ಮಂದಿ ಮಾತ್ರ ದಿನವೂ ನುಂಗಿದ್ದರು [8]’ ಎಂದು ಬರೆದರೆ ಲೇಖಕರು ತಾವೇ ಕಂಡುಕೊಂಡದ್ದನ್ನು ಎಂಟನೆಯ ಮೂಲದವರು ಹೇಳಿದಂತಾಯಿತು. [8] ಬರಬೇಕಾದದ್ದು ‘ಸಿಗುತ್ತಿದ್ದರೂ’ ಎಂಬುದರ ಪಕ್ಕದಲ್ಲಿ. ಪ್ರತಿ ಉಲ್ಲೇಖವನ್ನೂ ಮೂಲದ ಯಾವ ತುಣುಕಿನ ಮೇಲೆ ಕೂತಿದೆ ಎಂದು ನೋಡಿ, ಅದೇ ತುಣುಕಿನ ಮೇಲೆ ಕೂರಿಸಿ.

ಲೇಖಕರ ಹೆಸರು ಮತ್ತು ಇಸವಿ ಕೊಡುವ ಪದ್ಧತಿಯಾದರೆ ಹೆಸರಿನ ಕನ್ನಡ ರೂಪವೂ ಪದಪಟ್ಟಿಗೆ ಸೇರಬೇಕು. ಒಂದು ಕಡೆ ಶರ್ಮ, ಇನ್ನೊಂದು ಕಡೆ ಶರ್ಮಾ ಎಂದಾದರೆ ಓದುಗರಿಗೆ ಇಬ್ಬರು ಕಾಣುತ್ತಾರೆ. ‘ಮತ್ತು ಇತರರು’, ‘ಮತ್ತಿತರರು’, ‘ಮೊದಲಾದವರು’ ಇವುಗಳಲ್ಲೂ ಒಂದನ್ನೇ ಆರಿಸಿ. ಕೊನೆಯ ಗ್ರಂಥಸೂಚಿಯನ್ನು ಮಾತ್ರ ಅನುವಾದಿಸಬೇಡಿ, ಲಿಪ್ಯಂತರವನ್ನೂ ಮಾಡಬೇಡಿ. ಅದು ಹುಡುಕುವವರಿಗಾಗಿ ಇರುವುದು, ಮೂಲ ಲಿಪಿಯಲ್ಲಿದ್ದರೇ ಹುಡುಕಲು ಆಗುತ್ತದೆ. ಒಳಪಠ್ಯದಲ್ಲಿ ಹೆಸರು ಕನ್ನಡ ಲಿಪಿಯಲ್ಲಿ, ಸೂಚಿಯಲ್ಲಿ ಮೂಲ ಲಿಪಿಯಲ್ಲಿ ಎಂದಾದರೆ, ಸೂಚಿಯ ಪ್ರತಿ ಸಾಲಿನ ಮೊದಲು ಕನ್ನಡ ರೂಪವನ್ನೂ ಕೊಟ್ಟರೆ ಎರಡಕ್ಕೂ ಕೊಂಡಿ ಸಿಗುತ್ತದೆ.

ಇಸವಿಯನ್ನು ‘ಸುಧಾರಿಸುವ’ ಮೋಹಕ್ಕೂ ಬೀಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2011ರ ದಾಖಲೆಯಂತೆ ಗರ್ಭಿಣಿಯರಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. 2024ರ ಮಾರ್ಗಸೂಚಿಯಲ್ಲಿ ಎರಡನೆಯ ತ್ರೈಮಾಸಿಕಕ್ಕೆ ಈ ಗೆರೆ 10.5. ನಾನು ಮೇಲೆ ಕಟ್ಟಿಕೊಂಡ ಪ್ರಬಂಧ 2011ನ್ನು ಉಲ್ಲೇಖಿಸಿದ್ದರೆ ಅದರ 214 ಎಂಬ ಎಣಿಕೆ ಆ ಗೆರೆಯಿಂದ ಬಂದದ್ದು. ಹೊಸ ದಾಖಲೆ ಬಂದಿದೆಯಲ್ಲ ಎಂದು ಇಸವಿ ಬದಲಿಸಿದರೆ ಎಣಿಕೆಗೂ ಅದರ ಆಧಾರಕ್ಕೂ ಸಂಬಂಧ ತಪ್ಪುತ್ತದೆ. ಬೇಕೆನಿಸಿದರೆ ಅನುವಾದಕರ ಟಿಪ್ಪಣಿ ಹಾಕಿ, ಅದು ನಿಮ್ಮದೆಂದು ಗುರುತು ಮಾಡಿ.

ಈಗ ನಿಮ್ಮ ಕೈಯಲ್ಲಿರುವ ಕಡತವನ್ನು ಸರಿಪಡಿಸುವ ಕ್ರಮ. ವಿಧಾನದ ಭಾಗವನ್ನು ಮತ್ತೆ ಓದಿ ಪದಪಟ್ಟಿ ಮಾಡಿ. ನಾಲ್ಕನೆಯ ಕಾಲಮ್ಮಿನ ಒಂದೊಂದು ಪದವನ್ನೂ ಕಡತದಲ್ಲಿ ಹುಡುಕಿ, ಸಿಕ್ಕಿದ್ದನ್ನು ಓದಿ ನೋಡಿ ಬದಲಿಸಿ. ‘ಎಲ್ಲವನ್ನೂ ಬದಲಿಸು’ ಎಂಬ ಗುಂಡಿಯನ್ನು ಒತ್ತಬೇಡಿ. ‘ಪ್ರಮಾಣ’ ಹೋಗಿ ‘ವ್ಯಾಪಕತೆ’ ಬರುವಾಗ ‘ಪ್ರಮಾಣಪತ್ರ’ವೂ ‘ವ್ಯಾಪಕತೆಪತ್ರ’ ಆಗುತ್ತದೆ, ‘ಪ್ರಮಾಣದಲ್ಲಿ’ ಎಂಬುದು ‘ವ್ಯಾಪಕತೆದಲ್ಲಿ’ ಆಗುತ್ತದೆ. ಹುಡುಕುವಾಗ ಪದದ ಕೊನೆಯ ಅಕ್ಷರವನ್ನು ಬಿಟ್ಟು ಹುಡುಕಿ: ‘ರೋಗಿಗಳು’ ಎಂದು ಹುಡುಕಿದರೆ ‘ರೋಗಿಗಳಲ್ಲಿ’, ‘ರೋಗಿಗಳಿಗೆ’ ಸಿಗುವುದಿಲ್ಲ, ‘ರೋಗಿಗ’ ಎಂದರೆ ಎಲ್ಲವೂ ಸಿಗುತ್ತವೆ. ಸಂಧಿಯಾದ ಪದಗಳನ್ನು ಬೇರೆಯಾಗಿ ಹುಡುಕಬೇಕು. ‘ಅಂಶ’ ಎಂಬ ಹುಡುಕಾಟಕ್ಕೆ ‘ಕಬ್ಬಿಣಾಂಶ’ ಸಿಗುವುದಿಲ್ಲ.

ಉಲ್ಲೇಖಗಳಿಗೆ ವರ್ಡ್‌ನಲ್ಲಿ ವೈಲ್ಡ್‌ಕಾರ್ಡ್ ಆಯ್ಕೆ ಹಾಕಿಕೊಂಡು ಇದನ್ನು ಹುಡುಕಿ:

```
\[[0-9]*\]
```

ಮೂಲದಲ್ಲಿ ಎಷ್ಟು ಸಿಕ್ಕವು, ಅನುವಾದದಲ್ಲಿ ಎಷ್ಟು ಎಂದು ಪ್ಯಾರಾ ಪ್ಯಾರಾ ಹೋಲಿಸಿ. ಒಟ್ಟು ಎಣಿಕೆ ಸರಿಯಿದ್ದ ಮಾತ್ರಕ್ಕೆ ನಂಬಬೇಡಿ, ಒಂದು ಪ್ಯಾರಾದಲ್ಲಿ ಬಿಟ್ಟುಹೋದದ್ದು ಇನ್ನೊಂದರಲ್ಲಿ ಎರಡು ಸಲ ಬಂದು ಸರಿದೂಗಿಸಿರಬಹುದು. ವಿಶ್ವಾಸಾಂತರವನ್ನು ಚೌಕ ಆವರಣದಲ್ಲಿ ಬರೆದಿದ್ದರೆ ಅದೂ ಈ ಹುಡುಕಾಟದಲ್ಲಿ ಬರುತ್ತದೆ, ಅದನ್ನು ಬಿಟ್ಟು ಎಣಿಸಿ.

ಕೊನೆಗೆ ಸಾರಾಂಶ. ಹಳೆಯದನ್ನು ತಿದ್ದಬೇಡಿ, ತೆಗೆದು ಪಕ್ಕಕ್ಕಿಟ್ಟು ಹೊಸದಾಗಿ ಬರೆಯಿರಿ. ಸಾರಾಂಶದ ಪ್ರತಿ ವಾಕ್ಯಕ್ಕೂ ಒಳಪಠ್ಯದಲ್ಲಿ ಅದರ ತಾಯಿವಾಕ್ಯ ಒಂದಿರುತ್ತದೆ: ಗುರಿಯ ವಾಕ್ಯಕ್ಕೆ ಪೀಠಿಕೆಯ ಕೊನೆಯಲ್ಲಿ, ಫಲಿತಾಂಶದ ವಾಕ್ಯಕ್ಕೆ ಕೋಷ್ಟಕದ ಕೆಳಗೆ, ತೀರ್ಮಾನಕ್ಕೆ ಚರ್ಚೆಯ ಕೊನೆಯಲ್ಲಿ. ನೀವು ಈಗಾಗಲೇ ಕನ್ನಡ ಮಾಡಿರುವ ಆ ವಾಕ್ಯವನ್ನು ಎದುರಿಗಿಟ್ಟುಕೊಂಡು, ಅದರ ಪದಗಳಲ್ಲೇ ಸಾರಾಂಶದ ವಾಕ್ಯವನ್ನು ಕಟ್ಟಿ, ಮೂಲ ಸಾರಾಂಶದೊಂದಿಗೆ ಹೋಲಿಸಿ. ಹೀಗೆ ಮಾಡುವಾಗ ಕೆಲವೊಮ್ಮೆ ಮೂಲದಲ್ಲೇ ಬಿರುಕು ಕಾಣುತ್ತದೆ: ಸಾರಾಂಶದಲ್ಲಿ 51.9, ಕೋಷ್ಟಕದಲ್ಲಿ 51.6, ಅಥವಾ ಒಂದೇ ಅಳತೆಗೆ ಲೇಖಕರೇ ಎರಡು ಹೆಸರು ಬಳಸಿರುತ್ತಾರೆ. ಹೆಸರುಗಳೆರಡೂ ಒಂದೇ ಅಳತೆಯವು ಎಂದು ವಿಧಾನದ ಭಾಗದಿಂದ ಖಚಿತವಾದರೆ ಕನ್ನಡದಲ್ಲಿ ಒಂದೇ ಪದ ಸಾಕು. ಅಂಕಿ ತಾಳೆಯಾಗದಿದ್ದರೆ ನೀವು ತಿದ್ದಬೇಡಿ. ಪುಟ, ಸಾಲು, ಎರಡೂ ಅಂಕಿ ಬರೆದು ಲೇಖಕರಿಗೆ ಕಳಿಸಿ, ಅವರ ಉತ್ತರ ಬರುವವರೆಗೆ ಆ ವಾಕ್ಯಕ್ಕೆ ಹಳದಿ ಬಣ್ಣ ಹಚ್ಚಿಡಿ.